ಒಂದೇ ಉಪ್ಪಿನ ಡಬ್ಬಿ, ಐದು ಜನ: ಯಾವ ಪ್ಯಾಕೆಟ್ ತರಬೇಕು?

ಪುಣೆಯ ಯಾವುದೇ ಸೂಪರ್ ಮಾರ್ಕೆಟ್‌ನಲ್ಲಿ ಉಪ್ಪಿನ ಸಾಲಿನ ಮುಂದೆ ನಿಂತರೆ ಮೂರು ಬಗೆ ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಮಾಮೂಲಿ ಅಯೋಡಿನ್ ಉಪ್ಪು, ಎಲ್ಲಕ್ಕಿಂತ ಅಗ್ಗ. ಎರಡನೆಯದು ತಿಳಿಗುಲಾಬಿ ಬಣ್ಣದ ಸೈಂಧವ ಲವಣ. ಇಲ್ಲಿಯವರು ಉಪವಾಸದ ದಿನ ಸಾಬುದಾಣಿ ಖಿಚಡಿಗೆ ಹಾಕುವುದು ಇದನ್ನೇ. ಮೂರನೆಯದರ ಮೇಲೆ ‘ಕಡಿಮೆ ಸೋಡಿಯಂ’ ಎಂದು ಬರೆದಿರುತ್ತದೆ, ಪಕ್ಕದಲ್ಲೊಂದು ಹೃದಯದ ಚಿತ್ರವೂ ಇರಬಹುದು. ಬಿಪಿ ಇರುವವರ ಮನೆಯವರು ಅದನ್ನು ನೋಡಿದ ಕೂಡಲೇ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಸ್ವಲ್ಪ ತಡೆಯಿರಿ.

ಎಣ್ಣೆಯನ್ನೋ ಅಕ್ಕಿಯನ್ನೋ ಒಬ್ಬೊಬ್ಬರಿಗೆ ಬೇರೆ ತರಬಹುದು. ಉಪ್ಪು ಹಾಗಲ್ಲ. ಅಡುಗೆಮನೆಯಲ್ಲಿ ಡಬ್ಬಿ ಒಂದೇ, ಸಾರಿನ ಪಾತ್ರೆಯೂ ಒಂದೇ. ಡಬ್ಬಿಗೆ ಏನು ಬಿದ್ದರೂ ಅದು ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರ ತಟ್ಟೆಗೂ ಹೋಗುತ್ತದೆ. ಆದ್ದರಿಂದ ‘ಯಾವ ಉಪ್ಪು ಒಳ್ಳೆಯದು’ ಎಂದು ಕೇಳುವುದಕ್ಕಿಂತ ‘ಯಾವ ಉಪ್ಪು ಈ ಮನೆಯ ಯಾರಿಗೂ ಕೆಟ್ಟದ್ದಲ್ಲ’ ಎಂದು ಕೇಳಿಕೊಳ್ಳಬೇಕು.

ಒಂದು ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ವಿಜಯಪುರದ ಕಡೆಯಿಂದ ಬಂದು ಚಿಂಚವಡದಲ್ಲಿ ನೆಲೆಸಿದ ಕುಟುಂಬ ಎಂದುಕೊಳ್ಳಿ. 72 ವರ್ಷದ ಅಜ್ಜನಿಗೆ ಬಿಪಿ ಮತ್ತು ಸಕ್ಕರೆ ಕಾಯಿಲೆ, ದಿನಾ ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ. ಅಜ್ಜಿಗೂ ಈಚೆಗೆ ಬಿಪಿ ಸ್ವಲ್ಪ ಜಾಸ್ತಿ. ಮಗ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಐದು ತಿಂಗಳ ಗರ್ಭಿಣಿ. ಏಳು ವರ್ಷದ ಮೊಮ್ಮಗನಿದ್ದಾನೆ.

ಮೊದಲು ಪ್ಯಾಕೆಟ್ ಎಷ್ಟು ದಿನ ಬರುತ್ತದೆ ನೋಡಿ

ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಮುಗಿದ ದಿನವನ್ನೂ ಬರೆಯಿರಿ. ನಮ್ಮ ಈ ಮನೆಯಲ್ಲಿ ಒಂದು ಕಿಲೋ 25 ದಿನಕ್ಕೆ ಖಾಲಿಯಾಯಿತು ಎನ್ನೋಣ. ಅಂದರೆ ದಿನಕ್ಕೆ 40 ಗ್ರಾಂ. ಐದು ಜನರಿಗೆ ಹಂಚಿದರೆ ತಲೆಗೆ 8 ಗ್ರಾಂ. ಮಗು ಕಡಿಮೆ ತಿನ್ನುವುದರಿಂದ ದೊಡ್ಡವರ ಪಾಲು ಇದಕ್ಕಿಂತ ತುಸು ಹೆಚ್ಚೇ. ಹೊರಗೆ ತಿನ್ನುವ ವಡಾ ಪಾವ್, ಅಂಗಡಿಯ ಫರಸಾಣ, ಹಪ್ಪಳ ಇದರಲ್ಲಿ ಸೇರಿಲ್ಲ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚಕ್ಕಿಂತ ಕೊಂಚ ಕಡಿಮೆ. ಅಷ್ಟು ಉಪ್ಪಿನಲ್ಲಿ ಸುಮಾರು 2 ಗ್ರಾಂ ಸೋಡಿಯಂ ಇರುತ್ತದೆ. ನಮ್ಮ ಮನೆಯ 8 ಗ್ರಾಂನಲ್ಲಿ 3 ಗ್ರಾಂಗಿಂತ ಹೆಚ್ಚು ಬರುತ್ತದೆ. ಈ ಲೆಕ್ಕ ಕೈಯಲ್ಲಿಲ್ಲದೆ ಉಪ್ಪಿನ ಬಗೆ ಬದಲಿಸಿದರೆ ಲಾಭವಾಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಆಮೇಲೆ ಪ್ಯಾಕೆಟ್ಟಿನ ಹಿಂಬದಿ ಓದಿ

ಮುಂಬದಿ ಬಿಡಿ, ಅದು ಜಾಹೀರಾತು. ಹಿಂದಿನ ಪಟ್ಟಿಯಲ್ಲಿ ‘100 ಗ್ರಾಂಗೆ ಸೋಡಿಯಂ ಎಷ್ಟು’ ಎಂಬ ಸಾಲು ಹುಡುಕಿ. ಮಾಮೂಲಿ ಉಪ್ಪಿನಲ್ಲಿ ಅದು 38ರಿಂದ 39 ಗ್ರಾಂ ಇರುತ್ತದೆ. ಸೈಂಧವದ ಪ್ಯಾಕೆಟ್ ತಿರುಗಿಸಿ ನೋಡಿ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ! ನೆಲದೊಳಗೆ ಹೂತುಹೋದ ಹಳೆಯ ಸಮುದ್ರದ ಉಪ್ಪೇ ಸೈಂಧವ. ಆ ಗುಲಾಬಿ ಬಣ್ಣ ಬಂದಿರುವುದು ಮುಖ್ಯವಾಗಿ ಕಬ್ಬಿಣದ ಅಂಶದಿಂದ. ಉಳಿದ ಖನಿಜಗಳು ಅದರಲ್ಲಿ ಇರುವುದು ನಿಜ, ಆದರೆ ನಾವು ತಿನ್ನುವ ಐದಾರು ಗ್ರಾಂನಲ್ಲಿ ಅವು ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ.

ಹಾಗಾದರೆ ‘ಸೈಂಧವದಲ್ಲಿ ಸೋಡಿಯಂ ಕಡಿಮೆ’ ಎಂಬ ಮಾತು ಎಲ್ಲಿಂದ ಬಂತು? ಒಂದು ಕಾರಣ ಚಮಚ. ದಪ್ಪ ಹರಳಿನ ನಡುವೆ ಗಾಳಿ ಇರುತ್ತದೆ. ಒಂದು ಚಮಚ ಹರಳು ಒಂದು ಚಮಚ ಪುಡಿಗಿಂತ ಹಗುರ, ಆದ್ದರಿಂದ ಚಮಚದ ಲೆಕ್ಕದಲ್ಲಿ ಸೋಡಿಯಂ ಕಡಿಮೆ ಕಾಣುತ್ತದೆ. ಆದರೆ ಸಾರಿಗೆ ರುಚಿ ಸಾಲದೆ ಇನ್ನಷ್ಟು ಹಾಕುತ್ತೇವಲ್ವಾ? ಅಲ್ಲಿಗೆ ಲೆಕ್ಕ ಸಮ. ತೂಕಕ್ಕೆ ತೂಕ ಹೋಲಿಸಿದರೆ ಬಿಪಿಯ ಮಟ್ಟಿಗೆ ಎರಡೂ ಒಂದೇ.

ಕಿರಾಣಿ ಅಂಗಡಿಯ ಗೋಣಿಯಲ್ಲಿರುವ ಹರಳುಪ್ಪಿನದೂ ಇದೇ ಕಥೆ. ಅದು ಸೈಂಧವವಲ್ಲ, ಸಮುದ್ರದ ಉಪ್ಪು. ಉಪ್ಪಿನಕಾಯಿಗೆ ಚೆನ್ನ. ಆದರೆ ಸಮುದ್ರದಿಂದ ಬಂದದ್ದು ಎಂಬ ಮಾತ್ರಕ್ಕೆ ಅದರಲ್ಲಿ ಅಯೋಡಿನ್ ಇರುತ್ತದೆ ಎಂದು ನಂಬಬೇಡಿ. ಬೇರೆಯಾಗಿ ಸೇರಿಸದಿದ್ದರೆ ಇರುವುದು ಬಹಳ ಅಲ್ಪ.

ಅಯೋಡಿನ್ ಬೇಕಾದವರು ಯಾರಿದ್ದಾರೆ?

ಈ ಮನೆಯಲ್ಲಿ ಸೊಸೆ ಇದ್ದಾಳೆ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕು, ಅದನ್ನು ಮಾಡಲು ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಸಾಕಾದರೆ ಗರ್ಭಿಣಿಗೆ 250 ಬೇಕು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಸೇರಿಸಿ ಕೊಟ್ಟು, ಗಳಗಂಡ ಇಳಿಯುವುದನ್ನು ತೋರಿಸಿದರು. ದೇಶಕ್ಕೆಲ್ಲ ಅಯೋಡಿನ್ ಉಪ್ಪು ಬರಲು ಆ ಕೆಲಸವೇ ಬುನಾದಿ.

 ನಿಯಮದ ಪ್ರಕಾರ ಅಂಗಡಿ ತಲುಪುವ ಹೊತ್ತಿಗೆ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಉಳಿದಿರಬೇಕು. ಒಂದು ಪಿಪಿಎಂ ಎಂದರೆ ಗ್ರಾಂಗೆ ಒಂದು ಮೈಕ್ರೊಗ್ರಾಂ. ಬರೀ 15 ಉಳಿದಿದ್ದರೆ 8 ಗ್ರಾಂ ಉಪ್ಪಿನಲ್ಲಿ ಸಿಗುವುದು 120 ಮೈಕ್ರೊಗ್ರಾಂ. ಹಾಲು, ಮೊಟ್ಟೆ, ಮೀನಿನಿಂದಲೂ ಸ್ವಲ್ಪ ಬರುತ್ತದೆ. ಆದರೆ ಡಬ್ಬಿಗೆ ಅಯೋಡಿನ್ ಇಲ್ಲದ ಸೈಂಧವ ಸುರಿದರೆ ಉಪ್ಪಿನಿಂದ ಬರುವ ಪಾಲು ಹೆಚ್ಚುಕಡಿಮೆ ಸೊನ್ನೆ. ‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗಿ ಗರ್ಭಿಣಿ ಇರುವ ಮನೆಯಲ್ಲಿ ಹೀಗೆ ಮಾಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅಯೋಡಿನ್ ಸೇರಿಸಿದ ಸೈಂಧವವೂ ಸಿಗುತ್ತದೆ, ಹಾಗೆಂದು ಪ್ಯಾಕೆಟ್ ಮೇಲೆ ಬರೆದಿರಬೇಕು ಅಷ್ಟೇ.

ಮಾಮೂಲಿ ಉಪ್ಪು ಕೊಳ್ಳುವಾಗಲೂ ತಯಾರಾದ ತಿಂಗಳು ನೋಡಿ, ಹೊಸದನ್ನೇ ಆರಿಸಿ. ಪುಣೆಯ ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ. ತೇವ ಮತ್ತು ಬಿಸಿ ಎರಡಕ್ಕೂ ಅಯೋಡಿನ್ ಕಳೆದುಹೋಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿ ಇರಲಿ, ಗ್ಯಾಸ್ ಒಲೆಯಿಂದ ದೂರವಿರಲಿ. ಆದಷ್ಟು ಅಡುಗೆಯ ಕೊನೆಗೆ ಉಪ್ಪು ಹಾಕಿ.

ಕಡಿಮೆ ಸೋಡಿಯಂ ಉಪ್ಪಿಗೆ ಕೈ ಹಾಕುವ ಮುನ್ನ

ಇಲ್ಲಿ ನಿಧಾನವಾಗಿ ಓದಿ. ಸೋಡಿಯಂ ತೆಗೆದ ಜಾಗದಲ್ಲಿ ಏನೋ ಇರಲೇಬೇಕಲ್ಲ? ಅದು ಪೊಟ್ಯಾಸಿಯಂ ಕ್ಲೋರೈಡ್. ಹಿಂಬದಿಯ ಪಟ್ಟಿಯಲ್ಲಿ ಈ ಹೆಸರು ಸಿಗುತ್ತದೆ. ನಾಲಿಗೆಗೆ ತುಸು ಕಹಿ. ಸೋಡಿಯಂ ಶೇ 15ರಷ್ಟು ಕಡಿಮೆ ಇರುವುದೂ ಉಂಟು, ಶೇ 30ರಷ್ಟು ಕಡಿಮೆ ಇರುವುದೂ ಉಂಟು.

ಇದರ ಗುಣ ಸುಳ್ಳಲ್ಲ. ಚೀನಾದ 600 ಹಳ್ಳಿಗಳ ಸುಮಾರು 21,000 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಅವರೆಲ್ಲ ಹಿಂದೆ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ 60 ದಾಟಿದ ಬಿಪಿಯವರು. ಆದರೆ ಒಂದು ಮಾತು ಗಮನಿಸಿ. ತೀವ್ರ ಕಿಡ್ನಿ ಕಾಯಿಲೆ ಇರುವವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲಿಲ್ಲ. ಅಂಥವರು ಮನೆಯಲ್ಲಿ ಬೇರೆ ಯಾರಾದರೂ ಇದ್ದರೂ ಸೇರಿಸಿಕೊಳ್ಳಲಿಲ್ಲ. ಅಧ್ಯಯನ ಮಾಡಿದವರೂ ಡಬ್ಬಿಯನ್ನೇ ಲೆಕ್ಕಕ್ಕೆ ಹಿಡಿದಿದ್ದರು.

ಕಾರಣ ಇಷ್ಟು. ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುವುದು ಕಿಡ್ನಿ. ಅದು ಸೋತಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ನಿಲ್ಲುತ್ತದೆ, ಹೃದಯದ ಬಡಿತ ತಪ್ಪಬಹುದು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುತ್ತವೆ. ಇವೆಲ್ಲ ಬಿಪಿಗೋ ಹೃದಯಕ್ಕೋ ಕೊಡುವಂಥವು. ಅಂದರೆ ಯಾರಿಗಾಗಿ ಈ ಪ್ಯಾಕೆಟ್ ತರಲು ಹೊರಟೆವೋ ಅವರಿಗೇ ಅದು ತೊಂದರೆ ಮಾಡುವ ಸಾಧ್ಯತೆ ಹೆಚ್ಚು. ಪೊಟ್ಯಾಸಿಯಂ ಏರಿದ್ದು ಎಷ್ಟೋ ಸಲ ಮೈಗೆ ತಿಳಿಯುವುದೇ ಇಲ್ಲ. ರಕ್ತ ಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತದೆ.

2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಉಪ್ಪನ್ನು ಬಳಸಬಹುದು ಎಂದು ಹೇಳಿತು. ಆದರೆ ಮಕ್ಕಳು, ಗರ್ಭಿಣಿಯರು, ಕಿಡ್ನಿ ತೊಂದರೆಯವರನ್ನು ಆ ಸಲಹೆಯಿಂದ ಹೊರಗಿಟ್ಟಿತು. ನಮ್ಮ ಚಿಂಚವಡದ ಮನೆಯನ್ನು ನೋಡಿ: ಗರ್ಭಿಣಿ ಇದ್ದಾಳೆ, ಮಗು ಇದೆ, ಸಕ್ಕರೆ ಕಾಯಿಲೆಯ ಜೊತೆಗೆ ಟೆಲ್ಮಿಸಾರ್ಟನ್ ನುಂಗುವ ಅಜ್ಜ ಇದ್ದಾರೆ. ಸದ್ಯಕ್ಕೆ ಈ ಡಬ್ಬಿಗೆ ಆ ಉಪ್ಪು ಬೇಡ.

ಹಾಗಾದರೆ ಬಿಪಿಗೆ ಏನು ಮಾಡುವುದು?

ಮಾಮೂಲಿ ಅಯೋಡಿನ್ ಉಪ್ಪನ್ನೇ ತನ್ನಿ, ಪ್ಯಾಕೆಟ್ ಹೆಚ್ಚು ದಿನ ಬರುವಂತೆ ಮಾಡಿ. ಶೇ 15ರಷ್ಟು ಸೋಡಿಯಂ ಕಡಿಮೆ ಇರುವ ಉಪ್ಪನ್ನು ಅಷ್ಟೇ 8 ಗ್ರಾಂ ತಿಂದರೆ ಸೋಡಿಯಂ ಇಳಿಯುವುದು 3.1ರಿಂದ 2.6 ಗ್ರಾಂಗೆ. ಮಾಮೂಲಿ ಉಪ್ಪನ್ನೇ 6 ಗ್ರಾಂಗೆ ಇಳಿಸಿದರೆ ಅದು 2.3 ಗ್ರಾಂ ಆಗುತ್ತದೆ. ಶೇ 15ರ ಆ ದುಬಾರಿ ಪ್ಯಾಕೆಟ್‌ಗಿಂತ ಇದೇ ಮೇಲು. 6 ಗ್ರಾಂ ಎಂದರೆ ಐದು ಜನಕ್ಕೆ ಒಂದು ಕಿಲೋ 33 ದಿನ ಬರಬೇಕು. ತಾರೀಕು ಬರೆದಿಟ್ಟಿದ್ದೀರಲ್ಲ, ಅದೇ ಹೇಳುತ್ತದೆ.

ಒಮ್ಮೆಲೇ ಇಳಿಸಿದರೆ ಮನೆಯಲ್ಲಿ ಗಲಾಟೆ ಗ್ಯಾರಂಟಿ. ಮೊದಲು ಅನ್ನಕ್ಕೆ, ರೊಟ್ಟಿ ಹಿಟ್ಟಿಗೆ ಹಾಕುವ ಉಪ್ಪು ನಿಲ್ಲಿಸಿ. ಪಕ್ಕದಲ್ಲಿ ಶೇಂಗಾ ಚಟ್ನಿ ಇದ್ದೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಊಟದ ಜಾಗದಿಂದ ಉಪ್ಪಿನ ಬಟ್ಟಲು ತೆಗೆಯಿರಿ. ಸಾರು, ಪಲ್ಯಕ್ಕೆ ಕೈಯಳತೆ ಬಿಟ್ಟು ಒಂದೇ ಚಮಚ ಇಟ್ಟುಕೊಳ್ಳಿ, ಮೇಲಿನದನ್ನು ಸವರಿ ಸಮ ಮಾಡಿ ಹಾಕಿ. ಉಪ್ಪು ಇಳಿಸಿದಾಗ ಅಯೋಡಿನ್ನೂ ಇಳಿಯುತ್ತದೆ. ಆದ್ದರಿಂದ ಸೊಸೆಯ ತಟ್ಟೆಯಲ್ಲಿ ಹಾಲು ಮೊಸರು ತಪ್ಪದಿರಲಿ. ತಪಾಸಣೆಗೆ ಹೋದಾಗ ಅಯೋಡಿನ್ ಸಾಕಾಗುತ್ತಿದೆಯೇ ಎಂದು ಡಾಕ್ಟರನ್ನು ಕೇಳಲಿ.

ಬೇರೆ ಮನೆಯಲ್ಲಿ ಉತ್ತರವೂ ಬೇರೆ. ಕೊಥ್ರೂಡಿನಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇದ್ದಾರೆ, ಒಬ್ಬರಿಗೆ ಬಿಪಿ ಎನ್ನಿ. ಇಬ್ಬರೂ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಲಿ. ವರದಿಯನ್ನೂ ಮಾತ್ರೆಗಳ ಚೀಟಿಯನ್ನೂ ಡಾಕ್ಟರಿಗೆ ತೋರಿಸಲಿ. ಅವರು ಸರಿ ಎಂದರೆ ಕಡಿಮೆ ಸೋಡಿಯಂ ಉಪ್ಪು ಆ ಮನೆಗೆ ನಿಜಕ್ಕೂ ಒಳ್ಳೆಯ ಆಯ್ಕೆ. ಅಯೋಡಿನ್ ಸೇರಿಸಿದ್ದನ್ನೇ ತರಲಿ. ‘ಸೋಡಿಯಂ ಕಡಿಮೆ ಅಲ್ವಾ’ ಎಂದು ಒಂದು ಚಿಟಿಕೆ ಹೆಚ್ಚು ಹಾಕಿದರೆ ಮಾತ್ರ ಎಲ್ಲ ನೀರಲ್ಲಿ ಹೋಮ. ಕಿಡ್ನಿಗೆ ಏನಾದರೂ ಆದರೆ, ಮಾತ್ರೆ ಬದಲಾದರೆ ಮತ್ತೆ ಡಾಕ್ಟರನ್ನು ಕೇಳಿಯೇ ಮುಂದುವರಿಸಬೇಕು. ಮಗಳು ಬಾಣಂತನಕ್ಕೆ ಬಂದಾಗಲೂ ಡಬ್ಬಿಗೆ ಮಾಮೂಲಿ ಅಯೋಡಿನ್ ಉಪ್ಪು ಮರಳಲಿ.

ಸೈಂಧವ? ಏಕಾದಶಿಗೆ, ಸಂಕಷ್ಟಿಗೆ ಬೇಕಾದವರು 100 ಅಥವಾ 200 ಗ್ರಾಂನ ಸಣ್ಣ ಪ್ಯಾಕೆಟ್ ತಂದು ಬೇರೆ ಬಾಟಲಿಯಲ್ಲಿಡಲಿ. ಉಳಿದದ್ದನ್ನು ಮಜ್ಜಿಗೆಗೆ ಹಾಕಿ ಮುಗಿಸಿ, ದಿನದ ಡಬ್ಬಿಗೆ ಸುರಿಯಬೇಡಿ.