ಅತಿಥಿ ಉಪನ್ಯಾಸದ ನಿರೂಪಣೆ ಮಾಡುವ ವಿದ್ಯಾರ್ಥಿಗಳಿಗೆ

ಹಾವೇರಿಯ ಕಾಲೇಜೊಂದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಕುರಿತ ಉಪನ್ಯಾಸಕ್ಕೆ ಹೋಗಿದ್ದೆ. ನಿರೂಪಕಿ ಅತಿಥಿಗಳ ಪದವಿ, ಪ್ರಶಸ್ತಿಗಳನ್ನೆಲ್ಲ ಆರು ನಿಮಿಷ ಓದಿದಳು. ಕೊನೆಗೆ "ಯಾರಿಗಾದರೂ ಪ್ರಶ್ನೆಗಳಿವೆಯೇ?" ಎಂದಾಗ ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಆ ಹುಡುಗಿಯ ಮುಖ ನೋಡಿ ನನಗೆ ಸಂಕಟವಾಯಿತು.

ಪರಿಚಯಕ್ಕೆ ಒಂದೂವರೆ ನಿಮಿಷ ಸಾಕು. ಹಿಂದಿನ ದಿನವೇ ಅತಿಥಿಗಳಿಗೆ ಫೋನ್ ಮಾಡಿ, ಹೆಸರಿನ ಸರಿಯಾದ ಉಚ್ಚಾರಣೆಯನ್ನೂ ಈ ವಿಷಯಕ್ಕೆ ಅವರು ಹೇಗೆ ಬಂದರು ಎಂಬುದನ್ನೂ ಕೇಳಿಕೊಳ್ಳಿ. ವ್ಯಕ್ತಿವಿವರದಿಂದ ಇಂದಿನ ವಿಷಯಕ್ಕೆ ತಾಗುವ ಒಂದೆರಡು ಸಂಗತಿಗಳನ್ನಷ್ಟೇ ಆರಿಸಿ. ಹೀಗೆ ಹೇಳಬಹುದು:

"ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಈ ಬಣ್ಣದ ಗುಟ್ಟನ್ನು ಹನ್ನೆರಡು ವರ್ಷಗಳಿಂದ ಅಭ್ಯಸಿಸುತ್ತಿರುವವರು ಇಂದು ನಮ್ಮೊಂದಿಗಿದ್ದಾರೆ. ಕೇಳುತ್ತಾ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ."

ಹೆಸರನ್ನು ಕೊನೆಗೆ ಹೇಳಿ. ಚಪ್ಪಾಳೆ ತಾನಾಗಿ ಬರುತ್ತದೆ.

ಮೊದಲ ಪ್ರಶ್ನೆಯೇ ಕಷ್ಟದ್ದು. ನೂರು ಜನರೆದುರು ಮೊದಲು ಏಳಲು ಎಲ್ಲರಿಗೂ ಅಂಜಿಕೆ. ಉಪನ್ಯಾಸ ಮುಗಿದ ಕೂಡಲೇ, "ಒಂದು ನಿಮಿಷ ಪಕ್ಕದವರೊಂದಿಗೆ ಮಾತನಾಡಿ, ನಿಮ್ಮ ಪ್ರಶ್ನೆ ಹೇಳಿಕೊಳ್ಳಿ" ಎನ್ನಿ. ಆಮೇಲೆ, "ಮನೆಯಲ್ಲಿ ಮೆಣಸಿನಕಾಯಿ ಬೆಳೆಯುವವರಿಂದ ಮೊದಲ ಪ್ರಶ್ನೆ ಬರಲಿ" ಎಂದು ಕರೆದು, ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನವನ್ನು ನೀವೇ ಮಾತಾಡಿ ತುಂಬಬೇಡಿ. ಆಗಲೂ ಯಾರೂ ಏಳದಿದ್ದರೆ ನಿಮ್ಮದೇ ಪ್ರಶ್ನೆ ಕೇಳಿ: "ಒಣಗಿಸುವಾಗ ಮಳೆ ಬಂದರೆ ಬಣ್ಣಕ್ಕೆ ಏನಾಗುತ್ತದೆ, ಸರ್?" ಗೆಳೆಯನಿಗೆ ಚೀಟಿ ಕೊಟ್ಟು ಓದಿಸುವುದು ಮಾತ್ರ ಬೇಡ, ಅದು ಸಭೆಗೆ ತಿಳಿದುಬಿಡುತ್ತದೆ.