ಪರಿಚಯದ ಇಮೇಲ್: ಇಬ್ಬರನ್ನು ಸೇರಿಸಿ ನೀವು ಪಕ್ಕಕ್ಕೆ ಸರಿಯುವುದು ಹೇಗೆ?

ಪರಿಚಯದ ಇಮೇಲ್ ಬರೆಯಲು ಐದು ನಿಮಿಷ ಸಾಕು. ತಲೆನೋವು ಶುರುವಾಗುವುದು ಆಮೇಲೆ. ‘ಗುರುವಾರ ಆಗುತ್ತಾ?’, ‘ಗುರುವಾರ ಬೇಡ, ಶುಕ್ರವಾರ ಬೆಳಿಗ್ಗೆ ನೋಡೋಣ’, ‘ಲಿಂಕ್ ಯಾರು ಕಳಿಸ್ತೀರಿ?’ ಎಂದು ಅವರಿಬ್ಬರ ನಡುವೆ ಓಡಾಡುವ ಮೇಲ್‌ಗಳೆಲ್ಲ ಪರಿಚಯ ಮಾಡಿಕೊಟ್ಟ ನಿಮ್ಮ ಇನ್‌ಬಾಕ್ಸ್‌ಗೂ ಬಂದು ಬೀಳುತ್ತವೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಮೊದಲ ಮೇಲ್ ನಿಮ್ಮಿಂದ ಹೋಗಿದೆ. ಆದ್ದರಿಂದ ಅದಕ್ಕೆ ಯಾರು Reply all ಒತ್ತಿದರೂ ನಿಮ್ಮ ವಿಳಾಸ ತಾನಾಗಿಯೇ ಸೇರಿಕೊಳ್ಳುತ್ತದೆ. ಅದನ್ನು ನೀವು ತೆಗೆಯಲಾಗದು, ಉತ್ತರ ಬರೆಯುವವರೇ ತೆಗೆಯಬೇಕು. ಹಾಗಾಗಿ ನೀವು ಬರೆಯುವ ಮೇಲ್ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ, ಅದಕ್ಕೆ ಮೊದಲ ಉತ್ತರ ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಎನ್ನುವುದೇ ಮುಖ್ಯ. ಅದನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮಗೆ ಪರಿಚಯದ ವಾಸ್ತುಶಿಲ್ಪಿಯೊಬ್ಬರು ಮರದ ತೊಲೆಗಳಿರುವ ಹಳೆಯ ಮನೆಯೊಂದನ್ನು ಗ್ರಂಥಾಲಯವಾಗಿ ಮಾರ್ಪಡಿಸುತ್ತಿದ್ದಾರೆ. ಮೇಲಿನ ಅಂತಸ್ತು ಪುಸ್ತಕದ ಕಪಾಟುಗಳ ಭಾರ ತಾಳುತ್ತದೆಯೇ ಎಂಬುದು ಅವರ ಪ್ರಶ್ನೆ. ಹಳೆಯ ಮರದ ಕಟ್ಟಡಗಳಲ್ಲಿ ಪಳಗಿದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನಿಮಗೆ ಗೊತ್ತು. ಇಬ್ಬರೂ ಬೇರೆ ಬೇರೆ ದೇಶಗಳಲ್ಲಿದ್ದಾರೆ, ಗಡಿಯಾರದಲ್ಲಿ ನಾಲ್ಕು ಗಂಟೆಯ ಅಂತರವಿದೆ.

ಮೊದಲು ಒಪ್ಪಿಗೆ

ನೆರವು ಕೇಳುತ್ತಿರುವವರು ವಾಸ್ತುಶಿಲ್ಪಿ. ಎಂಜಿನಿಯರ್ ಸಮಯ ಕೊಡಬೇಕಾದವರು. ಅವರನ್ನು ಕೇಳದೆಯೇ ಇಬ್ಬರನ್ನೂ ಒಂದೇ ಮೇಲ್‌ಗೆ ಹಾಕಿದರೆ, ಅಪರಿಚಿತರ ಎದುರಿಗೇ ‘ಆಗುವುದಿಲ್ಲ’ ಎನ್ನಬೇಕಾದ ಇಕ್ಕಟ್ಟು ಅವರದು. ಇಂಥ ಕಡೆ ಬಹಳ ಮಂದಿ ಉತ್ತರವನ್ನೇ ಬರೆಯುವುದಿಲ್ಲ. ಆಮೇಲೆ ಎರಡೂ ಕಡೆಗೆ ಸಮಜಾಯಿಷಿ ಕೊಡುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ಒಪ್ಪಿಗೆ ಕೇಳುವ ಮಾತುಗಳನ್ನು ನೀವು ಬರೆಯಬೇಡಿ, ವಾಸ್ತುಶಿಲ್ಪಿಯಿಂದಲೇ ಬರೆಸಿ. ‘ನಾನು ಹಾಗೆಯೇ ಫಾರ್ವರ್ಡ್ ಮಾಡುವಂತೆ ಐದಾರು ಸಾಲು ಹೊಸ ಮೇಲ್‌ನಲ್ಲಿ ಬರೆದು ಕಳಿಸಿ’ ಎಂದು ಹೇಳಿ. ಹೊಸ ಮೇಲ್ ಎಂದು ಒತ್ತಿ ಹೇಳುವುದು ಸುಮ್ಮನೆ ಅಲ್ಲ. ನಿಮ್ಮಿಬ್ಬರ ಹಳೆಯ ಸರಣಿಯನ್ನೇ ಫಾರ್ವರ್ಡ್ ಮಾಡಿದರೆ, ‘ಒಳ್ಳೆಯವರು, ಆದರೆ ಶುಲ್ಕ ಸ್ವಲ್ಪ ಜಾಸ್ತಿ’ ಎಂದು ನೀವು ಹಿಂದೊಮ್ಮೆ ಬರೆದದ್ದೂ ಕೆಳಗೆ ತೂಗಾಡಿಕೊಂಡು ಹೋಗಿಬಿಡಬಹುದು.

ವಾಸ್ತುಶಿಲ್ಪಿ ಬರೆಯಬೇಕಾದದ್ದು ಹೆಚ್ಚುಕಡಿಮೆ ಹೀಗಿರಲಿ:

> ನಮಸ್ಕಾರ. ಮರದ ತೊಲೆ, ಹಲಗೆ ನೆಲದ ಎರಡಂತಸ್ತಿನ ಹಳೆಯ ಮನೆಯೊಂದನ್ನು ಗ್ರಂಥಾಲಯವಾಗಿ ಮಾರ್ಪಡಿಸುತ್ತಿದ್ದೇನೆ. ಕಪಾಟುಗಳನ್ನು ಮೇಲಿಡುವುದೋ ಕೆಳಗೋ ಎಂಬುದನ್ನು ನಕ್ಷೆ ಅಂತಿಮವಾಗುವ ಮುನ್ನ, ಅಂದರೆ ಜೂನ್ ಮೂರನೇ ವಾರದೊಳಗೆ ತೀರ್ಮಾನಿಸಬೇಕು. ತೊಲೆಗಳ ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ನೀವು ಹೇಳಿದ ಎಂಜಿನಿಯರ್ ಅವರನ್ನು ಕೇಳಬೇಕಿತ್ತು. ವಿಡಿಯೊ ಕರೆಯಲ್ಲಿ ಮೂವತ್ತು ನಿಮಿಷ ಸಾಕು. ಮುಂದೆ ಲೆಕ್ಕ ಹಾಕಿಸುವ ಕೆಲಸ ಬಂದರೆ ಅದು ಶುಲ್ಕ ಕೊಟ್ಟು ಮಾಡಿಸುವ ಕೆಲಸ. ಈ ಮಾತುಕತೆ ಅದರ ಭಾಗವಲ್ಲ.

ಯಾವ ಕೆಲಸ, ಏನು ಪ್ರಶ್ನೆ, ಎಷ್ಟು ಹೊತ್ತು, ಯಾವಾಗಿನೊಳಗೆ ಎಂಬುದೆಲ್ಲ ಇದರಲ್ಲಿದೆ. ಹಣದ ಮಾತನ್ನೂ ಮುಚ್ಚಿಟ್ಟಿಲ್ಲ. ‘ಸುಮ್ಮನೆ ಒಮ್ಮೆ ಮಾತಾಡಬೇಕಿತ್ತು’ ಎಂಬ ಕೋರಿಕೆಗೆ ಬಿಡುವಿಲ್ಲದ ಮನುಷ್ಯ ಹೂಂ ಅನ್ನುವುದು ಕಷ್ಟ, ಏಕೆಂದರೆ ಅದು ಎಷ್ಟು ದೊಡ್ಡ ಕೆಲಸ ಎಂದು ಅಂದಾಜು ಸಿಗುವುದಿಲ್ಲ.

ಇದನ್ನು ಎಂಜಿನಿಯರ್‌ಗೆ ಕಳಿಸುವಾಗ ನಿಮ್ಮ ಕಡೆಯಿಂದ ಎರಡು ಸಾಲು ಸೇರಿಸಿ: ‘ಸರ್, ಇವರನ್ನು ಚೆನ್ನಾಗಿ ಬಲ್ಲೆ. ಪರಿಚಯ ಮಾಡಿಸಲೇ? ಈಗ ಆಗದಿದ್ದರೆ ಒಂದು ಸಾಲು ಬರೆಯಿರಿ, ನಾನೇ ತಿಳಿಸುತ್ತೇನೆ.’ ಚೆನ್ನಾಗಿ ಬಲ್ಲೆ ಎಂಬುದು ನಿಜವಿದ್ದರೆ ಮಾತ್ರ ಬರೆಯಿರಿ. ಒಂದೇ ಸಲ ಭೇಟಿಯಾಗಿದ್ದರೆ ಅಷ್ಟನ್ನೇ ಹೇಳಿ. ಯಾವ ವಿಳಾಸಕ್ಕೆ ಬರೆಯಬೇಕು, ಸಮಯ ಗೊತ್ತುಮಾಡಲು ಸಹಾಯಕರಿದ್ದಾರೆಯೇ ಎಂದೂ ಇದೇ ಮೇಲ್‌ನಲ್ಲಿ ಕೇಳಿಬಿಡಿ. ಅವರು ಬೇಡವೆಂದರೆ ವಾಸ್ತುಶಿಲ್ಪಿಗೆ ‘ಸದ್ಯಕ್ಕೆ ಅವರಿಗೆ ಬಿಡುವಿಲ್ಲ’ ಎಂದಷ್ಟೇ ತಿಳಿಸಿ. ಬೇಡವೆಂದವರ ಹೆಸರಿನಲ್ಲಿ ಕಾರಣ ಹೊಸೆಯುವುದು ನಿಮ್ಮ ಕೆಲಸವಲ್ಲ.

ಪರಿಚಯದ ಮೇಲ್

ಒಪ್ಪಿಗೆ ಬಂದ ಮೇಲೆ ಮತ್ತೊಂದು ಹೊಸ ಮೇಲ್ ತೆರೆಯಿರಿ. ಇಬ್ಬರ ವಿಳಾಸವನ್ನೂ To ಸಾಲಿನಲ್ಲಿ ಹಾಕಿ. ಒಬ್ಬರು To, ಇನ್ನೊಬ್ಬರು Cc ಎಂದಾದರೆ Cc ಯಲ್ಲಿರುವವರು ಇದು ಮಾಹಿತಿಗೆ ಬಂದ ಪ್ರತಿ ಎಂದುಕೊಂಡು ಸುಮ್ಮನಿದ್ದುಬಿಡುತ್ತಾರೆ. Bcc ಯಲ್ಲಂತೂ ಯಾರನ್ನೂ ಹಾಕಬೇಡಿ, ಒಬ್ಬರಿಗೆ ಇನ್ನೊಬ್ಬರ ವಿಳಾಸ ಕಾಣಿಸದಿದ್ದರೆ ಪರಿಚಯವಾಗುವುದೆಲ್ಲಿ?

ವಿಷಯದ ಸಾಲಿನಲ್ಲಿ ‘ಪರಿಚಯ’ ಎಂಬ ಒಂಟಿ ಪದ ಸಾಲದು. ಇಬ್ಬರ ಹೆಸರು, ಜೊತೆಗೆ ‘ಮರದ ನೆಲದ ಗ್ರಂಥಾಲಯ, 30 ನಿಮಿಷದ ಕರೆ’ ಎಂದಿರಲಿ. ಎರಡು ವಾರ ಬಿಟ್ಟು ಹುಡುಕುವವರಿಗೆ ಸಿಗುವುದು ಈ ಪದಗಳೇ. ಮೇಲ್ ಹೀಗಿರಬಹುದು:

> ಸರ್, ಮೇಡಂ,
>
> ಸರ್, ಹಳೆಯ ಮನೆಯನ್ನು ಗ್ರಂಥಾಲಯ ಮಾಡುತ್ತಿರುವ ವಾಸ್ತುಶಿಲ್ಪಿ ಇವರು. ಇವರ ಪ್ರಶ್ನೆಯನ್ನು ಈಗಾಗಲೇ ನಿಮಗೆ ಕಳಿಸಿದ್ದೇನೆ.
>
> ಮೇಡಂ, ಹಳೆಯ ಮರದ ಕಟ್ಟಡಗಳ ಬಲಪರೀಕ್ಷೆ ಮಾಡುವ ಎಂಜಿನಿಯರ್ ಇವರು. ಮೂವತ್ತು ನಿಮಿಷ ಮಾತನಾಡಲು ಒಪ್ಪಿದ್ದಾರೆ.
>
> ಮೇಡಂ, ನಾಳೆ ಸಂಜೆಯೊಳಗೆ ಇದೇ ಮೇಲ್‌ಗೆ Reply all ಒತ್ತಿ, ನನ್ನನ್ನು Bcc ಗೆ ಸರಿಸಿ, ಸರ್ ಅವರಿಗೆ ಮೂರು ಸಮಯ ಬರೆಯಿರಿ. ಮುಂದಿನದನ್ನು ನೀವಿಬ್ಬರೇ ಗೊತ್ತುಮಾಡಿಕೊಳ್ಳಿ, ನನ್ನನ್ನು ಸೇರಿಸುವ ಅಗತ್ಯವಿಲ್ಲ.

ಕೊನೆಯ ಭಾಗವನ್ನು ಸಂಕೋಚಪಟ್ಟು ಬಿಡುವವರೇ ಜಾಸ್ತಿ. ‘ಇನ್ನು ಮುಂದಿನದು ನಿಮಗೆ ಬಿಟ್ಟಿದ್ದು’ ಎಂದು ಮೇಲುಮೇಲಕ್ಕೆ ಬರೆದರೆ, ಅವರು ಬರೆಯಲಿ ಎಂದು ಇವರು, ಇವರು ಬರೆಯಲಿ ಎಂದು ಅವರು ಕಾಯುತ್ತಾ ಕೂರುತ್ತಾರೆ. ಮೊದಲು ಬರೆಯಬೇಕಾದವರು ನೆರವು ಕೇಳಿದವರು. ಅದನ್ನು ಅವರನ್ನೇ ಕರೆದು ಹೇಳಬೇಕು, ಗಡುವನ್ನೂ ಕೊಡಬೇಕು. ಫೋನ್ ನಂಬರ್‌ಗಳನ್ನು ಮಾತ್ರ ನೀವಾಗಿ ಹಾಕಬೇಡಿ. ಬೇಕೆನಿಸಿದರೆ ಅವರೇ ಕೊಟ್ಟುಕೊಳ್ಳುತ್ತಾರೆ.

ಮೊದಲ ಉತ್ತರ: ಇಲ್ಲಿ ನೀವು ಹೊರಬೀಳುತ್ತೀರಿ

ವಾಸ್ತುಶಿಲ್ಪಿ Reply all ಒತ್ತಿದಾಗ To ಸಾಲಿನಲ್ಲಿ ಸಾಮಾನ್ಯವಾಗಿ ನಿಮ್ಮ ವಿಳಾಸವೇ ಮೊದಲಿರುತ್ತದೆ. ಅದನ್ನು ಅಲ್ಲಿಂದ ತೆಗೆದು Bcc ಗೆ ಹಾಕಬೇಕು, To ನಲ್ಲಿ ಎಂಜಿನಿಯರ್ ಒಬ್ಬರೇ ಉಳಿಯಬೇಕು. Bcc ಯಲ್ಲಿದ್ದವರಿಗೆ ಆ ಒಂದು ಮೇಲ್ ತಲುಪುತ್ತದೆ, ಆದರೆ ಅವರ ವಿಳಾಸ ಮಿಕ್ಕವರಿಗೆ ಕಾಣಿಸುವುದಿಲ್ಲ. ಹಾಗಾಗಿ ಎಂಜಿನಿಯರ್ ಆ ಮೇಲ್‌ಗೆ ಏನು ಒತ್ತಿ ಉತ್ತರಿಸಿದರೂ ಅದು ವಾಸ್ತುಶಿಲ್ಪಿಗೆ ಮಾತ್ರ ಹೋಗುತ್ತದೆ. ನೀವು ಹೊರಗಾದಿರಿ, ಮಾತು ಶುರುವಾಗಿದೆ ಎಂಬ ಸುದ್ದಿಯೂ ನಿಮಗೆ ಸಿಕ್ಕಿತು. ನಿಮ್ಮ ವಿಳಾಸವನ್ನು ಪೂರ್ತಿ ಅಳಿಸಿದರೆ ಈ ಸುದ್ದಿ ಸಿಗದು. Cc ಗೆ ಹಾಕಿದರೆ ಕಡೆತನಕ ನೀವು ಸರಣಿಯಲ್ಲೇ ಉಳಿಯುತ್ತೀರಿ.

ಉತ್ತರದ ಮೊದಲ ಸಾಲಿನಲ್ಲೇ ‘ಪರಿಚಯಿಸಿದವರನ್ನು Bcc ಗೆ ಸರಿಸಿದ್ದೇನೆ’ ಎಂದು ಬರೆಯಬೇಕು. ಇಲ್ಲದಿದ್ದರೆ ಎಂಜಿನಿಯರ್, ನಿಮ್ಮ ಹೆಸರು ಕೈತಪ್ಪಿ ಬಿಟ್ಟುಹೋಗಿದೆ ಎಂದುಕೊಂಡು ಸೌಜನ್ಯಕ್ಕೆ ಮತ್ತೆ ಸೇರಿಸಿಬಿಡುತ್ತಾರೆ. ಆಮೇಲೆ ಸಮಯಗಳು:

> ಎಲ್ಲವೂ ನಿಮ್ಮ ಊರಿನ ಗಡಿಯಾರದಂತೆ (ಇಲ್ಲಿ ನಾಲ್ಕು ಗಂಟೆ ಮುಂದಿದೆ), ವಿಡಿಯೊ ಕರೆ, 30 ನಿಮಿಷ:
> ಮಂಗಳವಾರ, ಜೂನ್ 9, ಮಧ್ಯಾಹ್ನ 2
> ಬುಧವಾರ, ಜೂನ್ 10, ಮಧ್ಯಾಹ್ನ 3
> ಶುಕ್ರವಾರ, ಜೂನ್ 12, ಬೆಳಿಗ್ಗೆ 11
> ಒಂದನ್ನು ಆರಿಸಿದರೆ ಸಾಕು, ಕರೆಯ ಲಿಂಕ್ ಇರುವ ಕ್ಯಾಲೆಂಡರ್ ಆಹ್ವಾನ ಕಳಿಸುತ್ತೇನೆ. ಯಾವುದೂ ಆಗದಿದ್ದರೆ ನಿಮಗೆ ಅನುಕೂಲವಾದ ಎರಡು ಸಮಯ ತಿಳಿಸಿ.

ವಾರವನ್ನೂ ತಾರೀಖನ್ನೂ ಎರಡನ್ನೂ ಬರೆಯುವುದರಿಂದ ಒಂದು ಲಾಭವಿದೆ. ಒಂದರಲ್ಲಿ ತಪ್ಪಿದರೆ ಇನ್ನೊಂದರ ಜೊತೆ ತಾಳೆಯಾಗದೆ ತಪ್ಪು ಕಣ್ಣಿಗೆ ಬೀಳುತ್ತದೆ. ‘ಮುಂದಿನ ಬುಧವಾರ’ ಎಂದರೆ ಈ ವಾರದ್ದೋ ಬರುವ ವಾರದ್ದೋ ಎಂಬ ಗೊಂದಲ ತಪ್ಪಿದ್ದಲ್ಲ. ‘ನಿಮಗೆ ಯಾವಾಗ ಅನುಕೂಲ?’ ಎಂದು ಕೇಳಿದರೆ ಸೌಜನ್ಯದ ಮಾತಾಯಿತು, ಆದರೆ ತಮ್ಮ ಕ್ಯಾಲೆಂಡರ್ ತಡಕಾಡುವ ಕೆಲಸ ಸಮಯ ಕೊಡುವವರ ತಲೆಗೇ ಬಿತ್ತು. ಉತ್ತರ ತಡವಾಗುವುದು ಅಲ್ಲೇ.

ಕ್ಯಾಲೆಂಡರ್ ಆಹ್ವಾನ ಕಳಿಸಿದರೆ ಅದು ಆಯಾ ಊರಿನ ಗಡಿಯಾರಕ್ಕೆ ತಾನೇ ಹೊಂದಿಕೊಂಡು ಕಾಣಿಸುತ್ತದೆ. ಇಬ್ಬರಲ್ಲಿ ಒಬ್ಬರ ದೇಶದಲ್ಲಷ್ಟೇ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ಪದ್ಧತಿ ಇದ್ದರೆ, ಬಾಯಿಲೆಕ್ಕ ವರ್ಷಕ್ಕೆರಡು ಸಲ ಒಂದು ಗಂಟೆ ತಪ್ಪುತ್ತದೆ. ಆಹ್ವಾನದ ಅತಿಥಿಗಳ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಂತೆ ಅವರು ನೋಡಿಕೊಳ್ಳಬೇಕು. ಇದ್ದರೆ ಸಮಯ ಬದಲಾದಾಗೆಲ್ಲ ನಿಮಗೂ ಸೂಚನೆ ಬರುತ್ತದೆ.

ಎಡವುವುದು ಎಲ್ಲಿ?

ಎಲ್ಲಕ್ಕಿಂತ ಹೆಚ್ಚು ಆಗುವ ಎಡವಟ್ಟು, Reply all ಬದಲು Reply ಒತ್ತುವುದು. ‘ಧನ್ಯವಾದ ಸರ್, ಮಂಗಳವಾರ ಮಾತಾಡಬಹುದೇ?’ ಎಂಬ ಮೇಲ್ ನಿಮ್ಮೊಬ್ಬರಿಗೇ ಬಂದರೆ ಆಗಿರುವುದು ಇದೇ. ಅದನ್ನು ನೀವೇ ದಾಟಿಸಲು ಹೋಗಬೇಡಿ. ಒಮ್ಮೆ ದಾಟಿಸಿದರೆ ಉತ್ತರವೂ ನಿಮ್ಮ ಮೂಲಕವೇ ಬರುತ್ತದೆ, ನೀವು ಅಂಚೆಯವರಾಗುತ್ತೀರಿ. ‘ಇದು ನನಗೊಬ್ಬನಿಗೇ ಬಂದಿದೆ, ಮೂಲ ಮೇಲ್‌ಗೆ Reply all ಒತ್ತಿ ಕಳಿಸಿ’ ಎಂದು ವಾಸ್ತುಶಿಲ್ಪಿಗೇ ಹೇಳಿ.

ಎರಡು ಕೆಲಸದ ದಿನ ಕಳೆದರೂ Bcc ಪ್ರತಿ ನಿಮಗೆ ಬಾರದಿದ್ದರೆ ವಾಸ್ತುಶಿಲ್ಪಿಯನ್ನು ಮಾತ್ರ ವಿಚಾರಿಸಿ. ಇಬ್ಬರಿಗೂ ಕಾಣುವಂತೆ ಜ್ಞಾಪಿಸಿದರೆ, ಸಮಯ ಕೊಡಲು ಒಪ್ಪಿದವರ ಎದುರು ಕೇಳಿದವರ ಉದಾಸೀನವನ್ನು ಎತ್ತಿ ತೋರಿಸಿದಂತಾಗುತ್ತದೆ. ಪ್ರತಿ ಬಂದೂ ಎಂಜಿನಿಯರ್ ಮೌನವಾಗಿದ್ದರೆ ಅದು ಅವರಿಬ್ಬರ ವಿಚಾರ. ವಾಸ್ತುಶಿಲ್ಪಿ ನಾಲ್ಕೈದು ದಿನ ಬಿಟ್ಟು ಅದೇ ಸರಣಿಯಲ್ಲಿ, ದಾಟಿಹೋದ ಸಮಯಗಳ ಬದಲು ಹೊಸವನ್ನು ಕೊಟ್ಟು ಒಮ್ಮೆ ಬರೆಯಬಹುದು. ಹೊಸಬರ ಮೇಲ್, ಅದರಲ್ಲೂ ಕಡತಗಳನ್ನು ಲಗತ್ತಿಸಿದ್ದು, ಸ್ಪ್ಯಾಮ್‌ಗೆ ಬಿದ್ದಿರುವ ಸಾಧ್ಯತೆಯೂ ಉಂಟು. ಆದ್ದರಿಂದ ನಕ್ಷೆ, ಫೋಟೊಗಳನ್ನು ಮೊದಲ ಉತ್ತರದಲ್ಲೇ ತುಂಬುವುದಕ್ಕಿಂತ ಸಮಯ ಗೊತ್ತಾದ ಮೇಲೆ ಕಳಿಸುವುದು ಲೇಸು.

ಇನ್ನೊಂದು ತಪ್ಪು ನಿಮ್ಮಿಂದಲೇ ಆಗಬಹುದು. Bcc ಯಲ್ಲಿ ಬಂದ ಪ್ರತಿಗೆ ‘ಸಂತೋಷ!’ ಎಂದು Reply all ಒತ್ತಿದಿರೋ, ನಿಮ್ಮ ವಿಳಾಸ ಮತ್ತೆ ಸರಣಿಗೆ ಬಂದು ಸೇರುತ್ತದೆ. ಆ ಪ್ರತಿಗೆ ಉತ್ತರವೇ ಬೇಡ.

ಇಷ್ಟಾಗಿಯೂ ಅವರು ನಿಮ್ಮನ್ನು ಬಿಡದೆ ಸೇರಿಸುತ್ತಿದ್ದರೆ, ಇಬ್ಬರೂ ತಲಾ ಒಂದಾದರೂ ಮೇಲ್ ಬರೆದಿದ್ದಾರೆಂದು ಖಚಿತ ಮಾಡಿಕೊಂಡು ಸರಣಿಯನ್ನು ಮೌನಗೊಳಿಸಿ. ಜಿಮೇಲ್‌ನಲ್ಲಿ ಇದಕ್ಕೆ Mute ಇದೆ. ಮುಂದಿನ ಉತ್ತರಗಳು ಇನ್‌ಬಾಕ್ಸ್‌ಗೆ ಬರದಿದ್ದರೂ ಹುಡುಕಿದರೆ ಸಿಗುತ್ತವೆ. ಔಟ್‌ಲುಕ್‌ನ Ignore ಸ್ವಲ್ಪ ಒರಟು, ಈಗಿರುವ ಮೇಲ್‌ಗಳನ್ನೂ ಮುಂದೆ ಬರುವವನ್ನೂ Deleted Items ಗೆ ತಳ್ಳುತ್ತದೆ. ಹಾಗಾಗಿ ಅಲ್ಲಿ ಆ ಗುಂಡಿ ಒತ್ತುವ ಮುನ್ನ, ಉಳಿಸಿಕೊಳ್ಳಬೇಕಾದ ವಿಳಾಸ ಅಥವಾ ಕಡತ ಸರಣಿಯಲ್ಲಿದೆಯೇ ಎಂದು ಒಮ್ಮೆ ಕಣ್ಣಾಡಿಸಿ.