‘ಪೇನ್ ವೆನ್ ಸ್ಟಾರ್ಟೆಡ್?’: ಇಂಗ್ಲಿಷ್ ಪ್ರಶ್ನೆ ಕಲಿಸಿದ ನನ್ನ ಅನುಭವ

ಹಾಸನದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದು ತಂಡದಲ್ಲಿ ಒಬ್ಬ ನರ್ಸ್ ಇದ್ದರು. ಅವರ ವಾರ್ಡಿಗೆ ಕನ್ನಡ ಬಾರದ ರೋಗಿಗಳೂ ಬರುತ್ತಿದ್ದರು. ಮೊದಲ ದಿನವೇ ಅವರು ನನ್ನ ಮುಂದೆ ಒಂದು ವಾಕ್ಯ ಇಟ್ಟರು. “ಮೇಡಂ, ನಾನು ‘ಪೇನ್ ವೆನ್ ಸ್ಟಾರ್ಟೆಡ್?’ ಅಂತ ಕೇಳ್ತೀನಿ. ಅವರಿಗೆ ಅರ್ಥ ಆಗತ್ತೆ. ಆದ್ರೆ ಅದು ಸರಿ ಇಲ್ಲ ಅಂತ ನನಗೇ ಅನ್ನಿಸತ್ತೆ.”

ಆ ವಾಕ್ಯ ಎಲ್ಲಿಂದ ಬಂತು ಅಂತ ಹುಡುಕಬೇಕಾಗಿಯೇ ಇರಲಿಲ್ಲ. ‘ನೋವು ಯಾವಾಗ ಶುರುವಾಯ್ತು?’ ಇದರ ಒಂದೊಂದು ಪದವನ್ನೂ ಇದ್ದ ಜಾಗದಲ್ಲೇ ಬದಲಾಯಿಸಿದರೆ ಅದೇ ಸಿಗುತ್ತದೆ. ಕನ್ನಡದಲ್ಲಿ ‘ಯಾವಾಗ’, ‘ಎಲ್ಲಿ’, ‘ಯಾಕೆ’ ಇವನ್ನು ಮುಂದೆ ತರಬೇಕಾಗಿಲ್ಲ. ‘ನಿನ್ನೆ’ ಅನ್ನುವ ಉತ್ತರ ಎಲ್ಲಿ ಕೂರುತ್ತದೋ ಅಲ್ಲೇ ‘ಯಾವಾಗ’ ಕೂರುತ್ತದೆ. ಹೌದು-ಇಲ್ಲ ಪ್ರಶ್ನೆ ಬೇಕಿದ್ದರೆ ಕೊನೆಗೆ ಒಂದು ‘ಆ’ ಸೇರಿಸಿದರೆ ಸಾಕು: ‘ಬಂದರು’, ‘ಬಂದರಾ?’. ಇಂಗ್ಲಿಷಿನಲ್ಲಿ ಪ್ರಶ್ನೆಯ ಕೆಲಸವೆಲ್ಲ ವಾಕ್ಯದ ಮುಂಭಾಗದಲ್ಲಿ ನಡೆಯುತ್ತದೆ. ಅದಕ್ಕೆ ನಮಗೆ ಗೊತ್ತೇ ಇಲ್ಲದ ‘ಡು’ ಬೇರೆ ಬೇಕು.

ಮುಂಚೆ ನಾನು ಇದನ್ನು ಸೂತ್ರದ ಹಾಗೆ ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ಪ್ರಶ್ನಾಪದ, ಡಿಡ್, ಕರ್ತೃ, ಕ್ರಿಯಾಪದ ಅಂತ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಬೋರ್ಡು ನೋಡಿಕೊಂಡು ಎಲ್ಲರೂ ಸರಿ ಹೇಳುತ್ತಿದ್ದರು. ಮನೆಗೆ ಹೋಗುವ ಮುಂಚೆ ಚಪ್ಪಲಿ ಹಾಕಿಕೊಳ್ಳುತ್ತಾ ಅವರೇ “ಮೇಡಂ, ಯು ವೆನ್ ಕಮಿಂಗ್ ಟುಮಾರೋ?” ಅಂತ ಕೇಳುತ್ತಿದ್ದರು. ಸೂತ್ರದಿಂದ ಇನ್ನೊಂದು ತಪ್ಪೂ ಹುಟ್ಟುತ್ತಿತ್ತು: ‘ವೆನ್ ಡಿಡ್ ದ ಪೇನ್ ಸ್ಟಾರ್ಟೆಡ್?’. ಡಿಡ್ ಬಂತು, ಜಾಗವೂ ಸರಿ. ಆದರೆ ಭೂತಕಾಲ ಎರಡು ಸಲ ಬಂದುಬಿಟ್ಟಿದೆ.

ಈ ಎರಡನೇ ತಪ್ಪಿನ ಬಗ್ಗೆ ನಾನು ತುಂಬ ದಿನ ತಲೆ ಕೆಡಿಸಿಕೊಂಡೆ. ದಾರಿ ಸಿಕ್ಕಿದ್ದು ಕನ್ನಡದಲ್ಲೇ. ‘ಹೋದನು’ ಅನ್ನುವುದರ ನಿಷೇಧ ಏನು? ‘ಹೋಗಲಿಲ್ಲ’. ಯಾರೂ ‘ಹೋದಲಿಲ್ಲ’ ಅನ್ನಲ್ಲ, ಸಣ್ಣ ಮಗು ಕೂಡ ಅನ್ನಲ್ಲ. ‘ಲಿಲ್ಲ’ ಬಂದ ತಕ್ಷಣ ಕ್ರಿಯಾಪದ ತನ್ನ ಭೂತಕಾಲವನ್ನು ಬಿಟ್ಟು ‘ಹೋಗು’ ಕಡೆಗೆ ವಾಪಸ್ ಹೋಗುತ್ತದೆ. ಕಾಲವನ್ನು ‘ಲಿಲ್ಲ’ ಹೊತ್ತುಕೊಳ್ಳುತ್ತದೆ. ‘ಬಂದನು’, ‘ಬರಲಿಲ್ಲ’. ‘ಆಯಿತು’, ‘ಆಗಲಿಲ್ಲ’. ಇಂಗ್ಲಿಷಿನ ‘ವೆಂಟ್’ ಕೂಡ ‘ಡಿಡ್ ನಾಟ್ ಗೋ’ ಆಗುವಾಗ ಮಾಡುವುದು ಇದನ್ನೇ. ಡಿಡ್ ಭೂತಕಾಲವನ್ನು ಹೊತ್ತುಕೊಂಡಿತು, ವೆಂಟ್ ಹಗುರಾಗಿ ‘ಗೋ’ ಆಯಿತು.

ಹಾಗಾಗಿ ಈ ತಂಡದಲ್ಲಿ ಮೊದಲ ಎರಡು ವಾರ ನಾನು ಪ್ರಶ್ನೆ ಮುಟ್ಟಲೇ ಇಲ್ಲ. ಬರೀ ನಿಷೇಧ. ನಾನು ‘ಕೇಮ್’ ಅಂದರೆ ಅವರು ‘ಡಿಡ್ ನಾಟ್ ಕಮ್’ ಅನ್ನಬೇಕು. ಯಾರಾದರೂ ‘ಡಿಡ್ ನಾಟ್ ಕೇಮ್’ ಅಂದರೆ ನಾನು ತಿದ್ದುತ್ತಿರಲಿಲ್ಲ. ‘ಬಂದಲಿಲ್ಲ’ ಅಂತಷ್ಟೇ ಹೇಳುತ್ತಿದ್ದೆ. ಅದು ಕಿವಿಗೆ ಚುಚ್ಚುತ್ತಿತ್ತು, ಅವರೇ ಸರಿ ಮಾಡಿಕೊಳ್ಳುತ್ತಿದ್ದರು.

‘ಡು ಅಂದ್ರೆ ಮಾಡು ಅಲ್ವಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ಅದಕ್ಕೆ ಅರ್ಥವೇ ಇಲ್ಲ, ಅದು ಕಾಲ ಹೊರುವ ಕೂಲಿ ಪದ ಅಂತ ಹೇಳುತ್ತೇನೆ. 16ನೇ ಶತಮಾನದ ಇಂಗ್ಲಿಷಿನಲ್ಲಿ ಡು ಇಲ್ಲದೆಯೂ, ಕ್ರಿಯಾಪದವನ್ನೇ ಮುಂದೆ ತಂದು ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಡು ಬಳಕೆ ಗಟ್ಟಿಯಾಯಿತು.

ಮೂರನೇ ವಾರ ಹಳೆ ಕ್ಯಾಲೆಂಡರಿನ ಹಿಂಬದಿಯನ್ನು ಪಟ್ಟಿಗಳಾಗಿ ಕತ್ತರಿಸಿ ತಂದೆ. ನರ್ಸ್ ತಂದಿದ್ದ ವಾಕ್ಯವನ್ನೇ ತೆಗೆದುಕೊಂಡೆವು. ಆದರೆ ಶುರು ಮಾಡಿದ್ದು ಪ್ರಶ್ನೆಯಿಂದ ಅಲ್ಲ, ಉತ್ತರದಿಂದ: ‘ದ ಪೇನ್ ಸ್ಟಾರ್ಟೆಡ್ ಎಸ್ಟರ್‌ಡೇ’. ‘ಸ್ಟಾರ್ಟೆಡ್’ ಬರೆದ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಕೊನೆಯ ಇ, ಡಿ ಅಕ್ಷರಗಳನ್ನು ಕತ್ತರಿಯಿಂದ ಕತ್ತರಿಸಿ ಅಂದೆ. ಕತ್ತರಿಸಿದ ಆ ಚೂರಿನ ಹಿಂದೆ ‘ಡಿಡ್’ ಅಂತ ಬರೆಸಿದೆ. ಈಗ ಎರಡು ಕಡೆ ಭೂತಕಾಲ ಇಡೋಣ ಅಂದರೂ ಆಗಲ್ಲ, ಯಾಕೆಂದರೆ ಚೂರು ಇರುವುದು ಒಂದೇ. ಮೇಜಿನ ಮೇಲೆ ವಾಕ್ಯ ಹೀಗೆ ಸಾಗಿತು:

ದ ಪೇನ್ ಸ್ಟಾರ್ಟೆಡ್ ಎಸ್ಟರ್‌ಡೇ.
ದ ಪೇನ್ ಡಿಡ್ ನಾಟ್ ಸ್ಟಾರ್ಟ್ ಎಸ್ಟರ್‌ಡೇ.
ಡಿಡ್ ದ ಪೇನ್ ಸ್ಟಾರ್ಟ್ ಎಸ್ಟರ್‌ಡೇ?
ವೆನ್ ಡಿಡ್ ದ ಪೇನ್ ಸ್ಟಾರ್ಟ್?

ಎರಡನೇ ಸಾಲಿನಿಂದ ಮೂರನೆಯದಕ್ಕೆ ಹೋಗುವಾಗ ‘ನಾಟ್’ ತೆಗೆದು, ಡಿಡ್ ಚೂರನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಇಡಬೇಕು. ಕನ್ನಡದ ಸಹಾಯ ಇಲ್ಲಿಗೆ ಮುಗಿಯುತ್ತದೆ. ‘ಶುರುವಾಯ್ತಾ?’ ಅನ್ನುವಾಗ ನಮ್ಮ ಕ್ರಿಯಾಪದ ಭೂತಕಾಲವನ್ನು ಬಿಡುವುದಿಲ್ಲವಲ್ಲ. ಅದಕ್ಕೇ ನಿಷೇಧದ ಮೂಲಕವೇ ಹೋಗಬೇಕು, ಸುಮ್ನೆ ಒಂದು ಹೆಜ್ಜೆ ಹಾರಬಾರದು. ಕೊನೆಗೆ ‘ಎಸ್ಟರ್‌ಡೇ’ ಪಟ್ಟಿಯನ್ನು ತಿರುಗಿಸಿದರೆ ಹಿಂದೆ ‘ವೆನ್’ ಇರುತ್ತದೆ. ಅದು ಡಿಡ್‌ಗಿಂತಲೂ ಮುಂದೆ ಹೋಗಿ ಕೂರುತ್ತದೆ. ‘ವರ್ಕ್ಸ್’ ಇದ್ದಾಗಲೂ ಇದೇ ಕೆಲಸ. ಅದರ ಎಸ್ ಅಕ್ಷರವನ್ನು ಕತ್ತರಿಸಿದರೆ ಅದೇ ‘ಡಸ್’. ‘ಡಸ್ ಶಿ ವರ್ಕ್ಸ್’ ಅನ್ನುವ ತಪ್ಪು ಹೀಗೆ ತುಂಬ ಕಡಿಮೆಯಾಯಿತು.

ಬೇಗ ಬರಲಿ ಅಂತ ಆಸೆ ಪಟ್ಟರೆ ಆಗಲ್ಲ. ಮ್ಯಾನ್‌ಫ್ರೆಡ್ ಪೀನೆಮನ್ ಅನ್ನುವ ಭಾಷಾವಿಜ್ಞಾನಿ ಹೇಳುವಂತೆ, ಇಂಗ್ಲಿಷ್ ಕಲಿಯುವವರು ಪ್ರಶ್ನೆಗಳನ್ನು ಒಂದು ಗೊತ್ತಾದ ಕ್ರಮದಲ್ಲೇ ದಕ್ಕಿಸಿಕೊಳ್ಳುತ್ತಾರೆ, ನಡುವಿನ ಹಂತ ಹಾರಿಸಲು ಬರುವುದಿಲ್ಲ. ‘ವೆನ್ ದ ಪೇನ್ ಸ್ಟಾರ್ಟೆಡ್?’ ಅಂಥ ಒಂದು ಹಂತ. ನಮ್ಮ ನರ್ಸ್ ಕೆಲವು ವಾರ ಅಲ್ಲೇ ನಿಂತಿದ್ದರು. ಮೊದಲಾಗಿದ್ದರೆ ನಾನು ಅದನ್ನು ಬರೀ ತಪ್ಪು ಅಂದುಕೊಳ್ಳುತ್ತಿದ್ದೆ. ಈಗ ‘ವೆನ್’ ಮುಂದೆ ಬಂತು, ಡಿಡ್ ಒಂದು ಬಾಕಿ ಅಂತ ಲೆಕ್ಕ ಹಾಕುತ್ತೇನೆ.

ಡಿಡ್ ಚೆನ್ನಾಗಿ ಬಂದಾಗ ಅದನ್ನು ಎಲ್ಲ ಕಡೆ ಹಾಕುವ ಕಾಲ ಬರುತ್ತದೆ. ‘ಡು ಯು ಆರ್ ಡಯಾಬಿಟಿಕ್?’ ಅನ್ನುತ್ತಾರೆ. ಆರ್, ಈಸ್, ವಾಸ್ ತಾವೇ ಮುಂದೆ ನಡೆದು ಹೋಗುತ್ತವೆ, ಅವಕ್ಕೆ ಕೂಲಿ ಬೇಡ. ಇದು ಬೇಗ ಸರಿಹೋಗುತ್ತದೆ. ‘ಹೂ ಡಿಡ್ ಕಮ್ ವಿತ್ ಯು?’ ಅನ್ನುವುದು ಸ್ವಲ್ಪ ಹಠಮಾರಿ. ಇದಕ್ಕೆ ಮತ್ತೆ ಕನ್ನಡದ ಪರೀಕ್ಷೆ ಕೊಟ್ಟೆ. ಕನ್ನಡದಲ್ಲಿ ‘ಯಾರು’ ಬಂದರೆ ಡಿಡ್ ಬೇಡ: ಯಾರು ಬಂದರು, ಹೂ ಕೇಮ್. ‘ಯಾರನ್ನು’ ಬಂದರೆ ಡಿಡ್ ಬೇಕು: ಯಾರನ್ನು ನೋಡಿದಿರಿ, ಹೂ ಡಿಡ್ ಯು ಸೀ. ಆದರೆ ‘ಏನು’ ಪದಕ್ಕೆ ಈ ಪರೀಕ್ಷೆ ನಡೆಯಲ್ಲ. ‘ಏನು ತಿಂದ್ರಿ?’ ಅನ್ನುವಾಗ ಪ್ರತ್ಯಯ ಕಾಣಿಸುವುದಿಲ್ಲ, ಆದರೂ ಡಿಡ್ ಬೇಕು. ಅಲ್ಲಿ ತಿಂದವರು ಯಾರು ಅಂತ ಕೇಳಿಕೊಳ್ಳಬೇಕು.

ಹತ್ತನೇ ವಾರದ ಹೊತ್ತಿಗೆ ನರ್ಸ್ ‘ವೆನ್ ಡಿಡ್ ದ ಪೇನ್ ಸ್ಟಾರ್ಟ್?’ ಅಂತ ಯೋಚಿಸದೆ ಕೇಳುತ್ತಿದ್ದರು. ಒಂದು ಸಂಜೆ ಹೊಸ ವಾಕ್ಯ ತಂದರು: “ಮೇಡಂ, ‘ಟೆಲ್ ಮಿ ವೇರ್ ಡಸ್ ಇಟ್ ಹರ್ಟ್’ ಅಂದೆ. ಡಾಕ್ಟರು ‘ವೇರ್ ಇಟ್ ಹರ್ಟ್ಸ್’ ಅನ್ನಬೇಕು ಅಂದ್ರು. ಅಷ್ಟು ಕಷ್ಟಪಟ್ಟು ಹಾಕಿದ ಡಸ್ ಎಲ್ಲಿಗೆ ಹೋಯ್ತು?” ನಾನು ಪಟ್ಟಿಗಳ ಡಬ್ಬಿ ತೆಗೆದೆ. ‘ಟೆಲ್ ಮಿ’ ಮುಂದೆ ಬಂದರೆ ಒಳಗಿನದು ಪ್ರಶ್ನೆಯಾಗಿ ಉಳಿಯಲ್ಲ ಅಂತ ಹೇಳಿ, ಡಸ್ ಚೂರನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ‘ಹರ್ಟ್’ ಪಟ್ಟಿಯ ತುದಿಗೆ ತಾವೇ ಅಂಟಿಸಿದರು.